ಚಾ ಮೇಜಿನ ಪಕ್ಕದ ಕುರ್ಚಿ

ಹುಬ್ಬಳ್ಳಿಯಂಥ ಊರಿನಲ್ಲಿ ಸ್ಟಾರ್ಟಪ್ ಮಂದಿ ಸೇರುವ ಸಭೆಗೆ ನಲವತ್ತು ಜನ ಬಂದಿದ್ದಾರೆ ಎಂದುಕೊಳ್ಳಿ. ಅವರಲ್ಲಿ ಕೊಳ್ಳುವವರು ಎಷ್ಟು, ಮಾರುವವರು ಎಷ್ಟು ಎಂದು ಒಮ್ಮೆ ಕಣ್ಣಾಡಿಸಿ ಎಣಿಸಿದರೆ ಸಾಕು, ಅಲ್ಲಿ ಮುಂದಿನ ಎರಡು ಗಂಟೆ ಹೇಗೆ ಕಳೆಯಬೇಕೆಂಬುದು ಅರ್ಧ ತಿಳಿದಂತೆ. ವೆಬ್‌ಸೈಟ್ ಮಾಡುವವರು ಏಳೆಂಟು ಮಂದಿ ಇರುತ್ತಾರೆ. ಡಿಜಿಟಲ್ ಮಾರ್ಕೆಟಿಂಗ್ ಮಾಡುವವರೂ ಹೆಚ್ಚುಕಡಿಮೆ ಅಷ್ಟೇ. ಇಂಜಿನಿಯರಿಂಗ್ ಕೊನೆಯ ವರ್ಷದ ಹುಡುಗರು ಒಂದು ಗುಂಪು. ಇನ್ಶೂರೆನ್ಸ್ ಏಜೆಂಟರು ಇಬ್ಬರು, ನೆಟ್‌ವರ್ಕ್ ಮಾರ್ಕೆಟಿಂಗಿನವನೊಬ್ಬ. ಕಾಲೇಜಿನ ಪ್ರಾಧ್ಯಾಪಕರು, ಸರ್ಟಿಫಿಕೇಟಿಗಾಗಿ ಬಂದವರು ಮೂರ್ನಾಲ್ಕು ಜನ. ನಿಜವಾಗಿ ಕಂಪನಿ ನಡೆಸುತ್ತಿರುವ, ಹೊರಗಿನವರಿಗೆ ದುಡ್ಡು ಕೊಟ್ಟು ಕೆಲಸ ಮಾಡಿಸಿಕೊಳ್ಳುವ ಸ್ಥಿತಿಯಲ್ಲಿರುವ ಸಂಸ್ಥಾಪಕರು ಐದಾರು ಮಂದಿ ಸಿಕ್ಕರೆ ಅದು ಒಳ್ಳೆಯ ಸಭೆ.

ಆ ಐದಾರು ಮಂದಿಯ ಸುತ್ತ ಉಳಿದವರೆಲ್ಲ ಮುತ್ತುತ್ತಾರೆ. ಸಭೆ ಮುಗಿದ ಮೇಲೆ ಅವರ ಜೇಬಿನಲ್ಲಿ ಇಪ್ಪತ್ತು ಕಾರ್ಡ್, ಫೋನಿನಲ್ಲಿ ಇಪ್ಪತ್ತು ಹೊಸ ನಂಬರ್. ಯಾರು ಯಾರೆಂದು ಒಂದೂ ನೆನಪಿರುವುದಿಲ್ಲ. ಮನೆಯಲ್ಲಿ ಕೂತು ಸ್ವಂತ ಕೆಲಸ ಮಾಡುವ ಫ್ರೀಲಾನ್ಸರ್ ಒಬ್ಬರು ಇಂಥ ಕಡೆ ಹೋಗಿ "ಏನೂ ಉಪಯೋಗ ಆಗ್ಲಿಲ್ರೀ" ಎಂದು ವಾಪಸಾಗುವುದಕ್ಕೆ ದೊಡ್ಡ ಕಾರಣ ಇದೇ. ಸಂಸ್ಥಾಪಕರನ್ನು ನೇರವಾಗಿ ಹಿಡಿಯಲು ಹೋಗುವುದು ಇಲ್ಲಿ ಅತ್ಯಂತ ಉದ್ದದ ದಾರಿ. ಅವರನ್ನು ಬಲ್ಲವರ ಮೂಲಕ ಹೋಗುವುದೇ ಹತ್ತಿರದ ದಾರಿ. ಹಾಗೆ ಬಲ್ಲವರು ಎಲ್ಲಿ ಕೂತಿರುತ್ತಾರೆ, ಅವರೊಡನೆ ಏನು ಮಾತಾಡಬೇಕು ಎಂಬುದೇ ಈ ಲೇಖನದ ವಿಷಯ.

ಮೊದಲು ಊರಿನ ಚಿತ್ರ ಸ್ವಲ್ಪ ಬೇಕು. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ, ವಿಮಾನ ನಿಲ್ದಾಣದ ಬಳಿ, ಗುರುರಾಜ ದೇಶಪಾಂಡೆಯವರ ಪ್ರತಿಷ್ಠಾನ ಕಟ್ಟಿದ ದೇಶಪಾಂಡೆ ಸ್ಟಾರ್ಟಪ್ಸ್ ಇದೆ. ವಿದ್ಯಾನಗರದಲ್ಲಿ ಹಿಂದೆ ಬಿವಿಬಿ ಕಾಲೇಜಾಗಿದ್ದ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯದ ಆವರಣದಲ್ಲೂ ಉದ್ಯಮ ಶುರುಮಾಡುವವರಿಗೆ ಒಂದು ಕೇಂದ್ರವಿದೆ. ಪಕ್ಕದ ಧಾರವಾಡದಲ್ಲಿ 2016ರಿಂದ ಐಐಟಿ ನಡೆಯುತ್ತಿದೆ. ರಾಜ್ಯ ಸರ್ಕಾರದ ಎಲಿವೇಟ್ ಯೋಜನೆಯಲ್ಲಿ ಆಯ್ಕೆಯಾದ ಸ್ಟಾರ್ಟಪ್‌ಗೆ 50 ಲಕ್ಷ ರೂಪಾಯಿವರೆಗೆ ಅನುದಾನ ಸಿಗಬಹುದು, ಅದಕ್ಕೆ ಈ ಕಡೆಯಿಂದಲೂ ಅರ್ಜಿಗಳು ಹೋಗುತ್ತವೆ. ಇವುಗಳ ನಡುವೆ ಗೋಕುಲ ರಸ್ತೆ, ವಿದ್ಯಾನಗರದ ಕಡೆ ಬಾಡಿಗೆಗೆ ಮೇಜು ಕೊಡುವ ಕೋವರ್ಕಿಂಗ್ ಜಾಗಗಳೂ ಬಂದಿವೆ.

ಇನ್ಕ್ಯುಬೇಟರ್ ಮತ್ತು ಕೋವರ್ಕಿಂಗ್ ಎರಡೂ ಒಂದೇ ಎಂದು ಬಹಳ ಜನ ತಿಳಿದಿದ್ದಾರೆ. ಒಳಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ ನಿಜ. ಗಾಜಿನ ಗೋಡೆ, ಬಣ್ಣದ ಕುರ್ಚಿ, ಮೂಲೆಯಲ್ಲೊಂದು ಕಾಫಿ ಮಷೀನು. ಆದರೆ ಇನ್ಕ್ಯುಬೇಟರ್ ಅರ್ಜಿ ತೆಗೆದುಕೊಂಡು, ಸಂದರ್ಶನ ಮಾಡಿ ಕಂಪನಿಗಳನ್ನು ಆರಿಸುತ್ತದೆ. ಒಳಗಿರುವವರು ಬಹುಮಟ್ಟಿಗೆ ಸಂಸ್ಥಾಪಕರೇ. ಕೋವರ್ಕಿಂಗ್ ಜಾಗ ಬಾಡಿಗೆ ಕಟ್ಟಿದ ಯಾರನ್ನಾದರೂ ಒಳಗೆ ಬಿಡುತ್ತದೆ. ಹೀಗಾಗಿ ಅಲ್ಲಿ ಯಾರು ಕೂತಿದ್ದಾರೆ ಎಂಬುದನ್ನು ಕೇಳಿಯೇ ತಿಳಿಯಬೇಕು.

ಬಾಡಿಗೆ ಕಟ್ಟುವ ಮೊದಲು ಅಲ್ಲಿನ ಮ್ಯಾನೇಜರನ್ನು ಕೇಳಬೇಕಾದದ್ದು ವೈಫೈ ವೇಗವನ್ನಷ್ಟೇ ಅಲ್ಲ. "ಇಲ್ಲಿ ಕೂಡೋರು ಏನೇನ್ ಕೆಲಸದವ್ರದಾರ್ರಿ?" ಎಂದು ಕೇಳಿ. ಉತ್ತರ ಸಾಮಾನ್ಯವಾಗಿ ಹೀಗಿರುತ್ತದೆ: ಕೋವಿಡ್ ನಂತರ ಊರಿಗೆ ಬಂದು ಇಲ್ಲಿಂದಲೇ ಬೆಂಗಳೂರು, ಪುಣೆಯ ಕಂಪನಿಗಳಿಗೆ ಕೆಲಸ ಮಾಡುವ ಐಟಿ ನೌಕರರು ಒಂದಷ್ಟು. ದೊಡ್ಡ ಕಂಪನಿಯ ಉತ್ತರ ಕರ್ನಾಟಕ ಮಾರಾಟ ತಂಡ, ಅದರ ಹುಡುಗರು ದಿನವಿಡೀ ಹೊರಗೇ ಇರುತ್ತಾರೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು, ಇವರು ಯಾರೊಡನೆಯೂ ಮಾತಾಡುವುದಿಲ್ಲ, ಮಾತಾಡಿಸಲೂಬಾರದು. ಇನ್ನುಳಿದವರು ಸಣ್ಣ ಸಾಫ್ಟ್‌ವೇರ್ ಕಂಪನಿಗಳು, ಲೆಕ್ಕಪತ್ರದವರು, ಒಬ್ಬಿಬ್ಬರು ವಾಸ್ತುಶಿಲ್ಪಿಗಳು.

ಈ ಪಟ್ಟಿಯಲ್ಲಿ ಎಲ್ಲರೂ ಕಡೆಗಣಿಸುವುದು ಮೊದಲನೆಯ ಗುಂಪನ್ನು. ಹೆಡ್‌ಫೋನ್ ಹಾಕಿಕೊಂಡು ಕೂತ ಐಟಿ ನೌಕರನ ಬಳಿ ನಮಗೆ ಕೊಡಲು ಕೆಲಸವಿಲ್ಲ, ಹೌದು. ಆದರೆ ಬೆಂಗಳೂರಿನ ಆತನ ಕಂಪನಿಯಲ್ಲಿ ಇರುತ್ತದೆ. ಹಿಂದೆ ಅಲ್ಲಿ ಜೊತೆಗಿದ್ದು ಈಗ ಸ್ವಂತ ಕಂಪನಿ ತೆರೆದ ಗೆಳೆಯರೂ ಆತನಿಗೆ ಇರುತ್ತಾರೆ. ಹುಬ್ಬಳ್ಳಿಯ ಕೋವರ್ಕಿಂಗ್ ಜಾಗದಲ್ಲಿ ಊರಿನ ಹೊರಗಿನ ಕೆಲಸಕ್ಕೆ ಸೇತುವೆ ಯಾರಾದರೂ ಇದ್ದರೆ ಅದು ಈತನೇ. ಮಧ್ಯಾಹ್ನ ಒಂದೂವರೆಗೆ ಆತ ಹೆಡ್‌ಫೋನ್ ತೆಗೆದು ಡಬ್ಬಿ ಬಿಚ್ಚುತ್ತಾನೆ. ಮಾತಿಗೆ ಸಿಗುವ ಹೊತ್ತು ಅದೊಂದೇ.

ಎಲ್ಲಿ ಕೂರಬೇಕು

ಇದು ಕ್ಷುಲ್ಲಕ ಪ್ರಶ್ನೆಯಂತೆ ಕಾಣುತ್ತದೆ, ಅಲ್ಲ. ಮರಿಯಾ ರೋಶ್, ಅಲೆಕ್ಸಾಂಡರ್ ಓಟ್ಲ್, ಕ್ರಿಶ್ಚಿಯನ್ ಕಟಲಿನಿ ಎಂಬ ಸಂಶೋಧಕರು ಅಮೆರಿಕದ ದೊಡ್ಡ ಕೋವರ್ಕಿಂಗ್ ಕಟ್ಟಡವೊಂದರಲ್ಲಿ ಯಾವ ಸ್ಟಾರ್ಟಪ್ ಯಾವ ಕೋಣೆಯಲ್ಲಿದೆ, ಯಾವುದು ಯಾರಿಂದ ಹೊಸ ತಂತ್ರಜ್ಞಾನ ಕಲಿತು ಬಳಸಲು ಶುರುಮಾಡಿತು ಎಂದು ಅಳತೆ ಮಾಡಿ ನೋಡಿದರು. ಒಂದು ಕಂಪನಿಯಿಂದ ಇನ್ನೊಂದಕ್ಕೆ ವಿಷಯ ಹರಿಯುತ್ತಿದ್ದದ್ದು ಸುಮಾರು 20 ಮೀಟರ್ ಒಳಗೆ ಮಾತ್ರ. ಅದರಾಚೆ, ಒಂದೇ ಮಹಡಿಯಲ್ಲಿದ್ದರೂ, ಬೇರೆ ಕಟ್ಟಡದಲ್ಲಿದ್ದಂತೆಯೇ. ದೂರದ ಈ ತೊಂದರೆಯನ್ನು ಕಡಿಮೆ ಮಾಡುತ್ತಿದ್ದದ್ದು ಎಲ್ಲರೂ ಬಳಸುವ ಅಡುಗೆಮನೆಯಂಥ ಜಾಗ. ಅದರ ಹತ್ತಿರ ಇದ್ದವರಿಗೆ ದೂರದವರ ಸಂಪರ್ಕವೂ ಸಿಗುತ್ತಿತ್ತು.

ನಮ್ಮೂರಿನ ಲೆಕ್ಕಕ್ಕೆ ತಂದರೆ, ಕಿಟಕಿ ಪಕ್ಕದ ಶಾಂತ ಮೂಲೆಗಿಂತ ಚಾ ಮೇಜಿಗೆ ಹತ್ತಿರದ ಕುರ್ಚಿ ಹೆಚ್ಚು ಬೆಲೆಯದು. ಅಲ್ಲಿ ಗದ್ದಲ ಜಾಸ್ತಿ, ಕೆಲಸ ಅಷ್ಟು ಸಾಗುವುದಿಲ್ಲ ಎಂಬುದೂ ಖರೆ. ಆದ್ದರಿಂದ ತಲೆತಗ್ಗಿಸಿ ಮುಗಿಸಬೇಕಾದ ಕೆಲಸವನ್ನು ಮನೆಯಲ್ಲೇ ಮುಗಿಸಿ, ಮೇಲ್ ನೋಡುವುದು, ಬಿಲ್ ಬರೆಯುವುದು, ಫೋನ್ ಮಾಡುವುದು ಇಂಥವನ್ನು ಕೋವರ್ಕಿಂಗ್ ದಿನಕ್ಕೆ ಉಳಿಸಿಕೊಳ್ಳುವುದು ಒಳ್ಳೆಯದು. ತಿಂಗಳ ಬಾಡಿಗೆಗೆ ಹೋಗುವ ಅಗತ್ಯವೂ ಮೊದಲಿಗಿಲ್ಲ. ದಿನದ ಪಾಸ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ವಾರಕ್ಕೊಮ್ಮೆ ಬರುವುದಾದರೆ ಪ್ರತಿ ವಾರ ಅದೇ ವಾರದ ದಿನ ಬನ್ನಿ. ಸೋಮವಾರ ಒಮ್ಮೆ, ಶುಕ್ರವಾರ ಒಮ್ಮೆ ಎಂದು ಬಂದರೆ ಪ್ರತಿ ಸಲವೂ ಹೊಸಬರಾಗಿಯೇ ಉಳಿಯುತ್ತೀರಿ. ನಾಲ್ಕು ಬುಧವಾರ ಬಿಡದೆ ಬಂದವರನ್ನು ಬುಧವಾರದವರು ತಾವಾಗಿಯೇ "ಬರ್ರಿ, ಚಾ ಕುಡಿಯೋಣ" ಎಂದು ಕರೆಯುತ್ತಾರೆ.

ಇನ್ನೊಬ್ಬರು ಮ್ಯಾನೇಜರ್. ದೊಡ್ಡ ಜಾಗಗಳಲ್ಲಿ ಕಮ್ಯುನಿಟಿ ಮ್ಯಾನೇಜರ್ ಎನ್ನುತ್ತಾರೆ, ಸಣ್ಣ ಕಡೆ ರಿಸೆಪ್ಷನ್, ಲೆಕ್ಕ, ಎಸಿ ರಿಪೇರಿ ಎಲ್ಲ ಅವರದೇ. ಯಾರು ಹೊಸ ಹುಡುಗರನ್ನು ಸೇರಿಸಿಕೊಂಡು ಎರಡು ಕುರ್ಚಿ ಹೆಚ್ಚು ಕೇಳಿದರು, ಯಾರು ಬಾಡಿಗೆ ಬಾಕಿ ಇಟ್ಟಿದ್ದಾರೆ, ಯಾರ ಕಂಪನಿಗೆ ಹೊರಗಿನಿಂದ ಜನ ಬಂದು ಮೀಟಿಂಗ್ ರೂಮ್ ಬುಕ್ ಮಾಡುತ್ತಿದ್ದಾರೆ, ಎಲ್ಲ ಇವರಿಗೆ ಗೊತ್ತು. ಬಾಕಿಯ ವಿಷಯ ಹೇಳುವುದಿಲ್ಲ, ಹೇಳಬಾರದು ಕೂಡ. ಆದರೆ ಯಾರು ಬೆಳೆಯುತ್ತಿದ್ದಾರೆ ಎಂಬುದನ್ನು ಖುಷಿಯಿಂದ ಹೇಳುತ್ತಾರೆ, ಅದು ಅವರ ಜಾಗದ ಹೆಮ್ಮೆಯೂ ಹೌದು. ಇವರಿಗೆ ನೀವು ಏನು ಮಾಡುತ್ತೀರಿ ಎಂಬುದು ಒಂದೇ ವಾಕ್ಯದಲ್ಲಿ ನೆನಪಿರಬೇಕು. "ಡಿಸೈನ್ ಮಾಡ್ತಾರ" ಎಂದು ನೆನಪಿದ್ದರೆ ಪ್ರಯೋಜನವಿಲ್ಲ. ಅಂಥವರು ಅವರಿಗೆ ಹತ್ತು ಮಂದಿ ಗೊತ್ತು.

ಶನಿವಾರದ ಸಭೆ

ಒಂದು ಉದಾಹರಣೆ ಕಟ್ಟಿಕೊಂಡು ಮುಂದೆ ಹೋಗೋಣ. ವಿದ್ಯಾನಗರದಲ್ಲಿರುವ ಒಬ್ಬ ಯುವತಿ. ತಿನ್ನುವ ಪದಾರ್ಥಗಳ ಪ್ಯಾಕೆಟ್‌ಗಳಿಗೆ ಲೇಬಲ್ ವಿನ್ಯಾಸ ಮಾಡುತ್ತಾಳೆ. ಸಂಬಂಧಿಕರೊಬ್ಬರ ರೊಟ್ಟಿ ಕೇಂದ್ರಕ್ಕೆ, ಉಪ್ಪಿನಕಾಯಿ ಮಾಡುವ ಇನ್ನೊಬ್ಬರಿಗೆ ಕೆಲಸ ಮಾಡಿಕೊಟ್ಟಿದ್ದಾಳೆ. ಮೂರನೆಯ ಗಿರಾಕಿ ಬೇಕು. ಶನಿವಾರ ಬೆಳಗ್ಗೆ ಹತ್ತೂವರೆಗೆ ಸಭೆ ಇದೆ ಎಂದು ವಾಟ್ಸ್‌ಆ್ಯಪ್‌ನಲ್ಲಿ ಪೋಸ್ಟರ್ ಬಂದಿದೆ.

ಹತ್ತೂವರೆ ಎಂದರೆ ಹನ್ನೊಂದೂ ಕಾಲು, ಅದು ನಮಗೆಲ್ಲ ಗೊತ್ತಿದ್ದದ್ದೇ. ಆದರೂ ಆಕೆ ಹತ್ತೂ ಇಪ್ಪತ್ತಕ್ಕೆ ಹೋಗಬೇಕು. ಆಗ ಅಲ್ಲಿರುವುದು ಸಂಘಟಕರು, ಮೈಕ್ ಜೋಡಿಸುವ ಹುಡುಗ, ಸಮಯಕ್ಕೆ ಸರಿಯಾಗಿ ಬಂದ ಒಬ್ಬಿಬ್ಬರು. ಗುಂಪು ಸೇರುವ ಮೊದಲಿನ ಆ ಮುಕ್ಕಾಲು ಗಂಟೆಯಲ್ಲಿ ಸಂಘಟಕರ ಜೊತೆ ಕುರ್ಚಿ ಎಳೆದು ಹಾಕುತ್ತ ಆಡಿದ ಮಾತು, ಆಮೇಲೆ ನಲವತ್ತು ಜನರ ನಡುವೆ ನುಗ್ಗಿ ಆಡುವ ಮಾತಿಗಿಂತ ಗಟ್ಟಿ. ಸಂಘಟಕರಿಗೆ ಬರುವವರ ಪಟ್ಟಿ ಗೊತ್ತಿರುತ್ತದೆ. "ತಿನಿಸಿನ ಧಂದೆಯವ್ರು ಯಾರರೆ ಬರಾಕತ್ತಾರೇನ್ರಿ ಇವತ್ತು?" ಎಂದು ಕೇಳಿದರೆ ಹೆಸರು ಹೇಳಿ ತೋರಿಸುತ್ತಾರೆ.

ಗೊತ್ತಿದ್ದವರ ಜೊತೆ ನಿಂತುಬಿಡುವುದು ಈ ಸಭೆಗಳ ಹಳೆಯ ರೋಗ. ಕೊಲಂಬಿಯಾ ವಿಶ್ವವಿದ್ಯಾಲಯದ ಪಾಲ್ ಇಂಗ್ರಾಮ್ ಮತ್ತು ಮೈಕೆಲ್ ಮಾರಿಸ್ ವ್ಯವಹಾರಸ್ಥರ ಒಂದು ಕೂಟದಲ್ಲಿ ಬಂದವರಿಗೆಲ್ಲ ಯಾರು ಯಾರನ್ನು ಭೇಟಿಯಾದರು ಎಂದು ದಾಖಲಿಸುವ ಎಲೆಕ್ಟ್ರಾನಿಕ್ ಬಿಲ್ಲೆ ಕಟ್ಟಿ ನೋಡಿದ್ದರು. 2007ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಹೊಸಬರ ಪರಿಚಯ ಮಾಡಿಕೊಳ್ಳಲೇ ಬಂದಿದ್ದೇವೆ ಎಂದು ಬಹುತೇಕ ಎಲ್ಲರೂ ಮೊದಲೇ ಹೇಳಿದ್ದರು. ಬಿಲ್ಲೆ ಹೇಳಿದ ಕಥೆ ಬೇರೆ: ಸಮಯದ ಅರ್ಧದಷ್ಟನ್ನು ಅವರು ಮೊದಲೇ ಪರಿಚಯವಿದ್ದವರ ಜೊತೆ ಕಳೆದಿದ್ದರು. ನಮ್ಮಲ್ಲಿ ಇದು ಇನ್ನೂ ಹೆಚ್ಚಿರಬಹುದು, ಏಕೆಂದರೆ ಊರು ಸಣ್ಣದು, ಅದೇ ಕಾಲೇಜು, ಅದೇ ಬ್ಯಾಚು. ಗೆಳತಿಯ ಜೊತೆ ಹೋದರೂ ಅಡ್ಡಿಯಿಲ್ಲ, ಬಾಗಿಲು ದಾಟಿದ ಮೇಲೆ ಇಬ್ಬರೂ ಬೇರೆ ಬೇರೆ ಕಡೆ ನಿಲ್ಲಬೇಕು ಅಷ್ಟೆ.

ಪ್ರತಿಯೊಬ್ಬರೂ ಎದ್ದುನಿಂತು ಪರಿಚಯ ಹೇಳುವ ಸುತ್ತು ಬರುತ್ತದೆ. ನಮ್ಮ ವಿನ್ಯಾಸಕಿಯ ಪಕ್ಕದವನು "ನಾನು ಬ್ರ್ಯಾಂಡಿಂಗ್, ಲೋಗೊ, ವೆಬ್‌ಸೈಟ್, ಸೋಶಿಯಲ್ ಮೀಡಿಯಾ, ವಿಡಿಯೋ ಎಲ್ಲಾ ಮಾಡ್ತೀನಿ" ಎಂದು ಕೂರುತ್ತಾನೆ. ಎಲ್ಲಾ ಮಾಡುವವನನ್ನು ಯಾವ ಕೆಲಸಕ್ಕೆ ನೆನೆಯಬೇಕು ಎಂದು ಯಾರಿಗೂ ತಿಳಿಯುವುದಿಲ್ಲ. ಆಕೆ ಹೇಳಬೇಕಾದದ್ದು ಹೀಗೆ: "ನಾ ತಿನ್ನೋ ಸಾಮಾನಿನ ಪಾಕೀಟಿನ ಮ್ಯಾಲಿನ ಲೇಬಲ್ ಮಾಡ್ತೀನ್ರಿ. ಲೇಬಲ್ ಸರಿ ಇಲ್ಲಂತ ದೊಡ್ಡ ಅಂಗಡ್ಯಾವ್ರು ಮಾಲು ವಾಪಸ್ ಕಳಿಸಿದ್ರ, ಏನ್ ತಪ್ಪೈತಿ ಅಂತ ಹುಡುಕಿ ಸರಿ ಮಾಡಿ ಕೊಡ್ತೀನಿ." ಇದರಲ್ಲಿ ಕಸುಬಿನ ಹೆಸರಿಗಿಂತ ತೊಂದರೆಯ ಹೆಸರು ದೊಡ್ಡದಾಗಿ ಕೇಳುತ್ತದೆ. ಕೇಳಿದವರಲ್ಲಿ ಒಬ್ಬರಿಗಾದರೂ ಆ ತೊಂದರೆ ಇರುವ ಪರಿಚಯಸ್ಥರ ಮುಖ ನೆನಪಾಗುತ್ತದೆ.

ಭಾಷಣದ ಭಾಗವನ್ನು ದಾಟಿ ಹೋಗುತ್ತೇನೆ. ಬೆಂಗಳೂರಿನಿಂದ ಬಂದವರು ಸ್ಲೈಡ್ ತೋರಿಸುತ್ತಾರೆ, ಕೆಲವೊಮ್ಮೆ ಚೆನ್ನಾಗಿರುತ್ತದೆ. ಅದರ ಮುಖ್ಯ ಉಪಯೋಗವೆಂದರೆ ಚಾ ವಿರಾಮದಲ್ಲಿ ಮಾತು ತೆಗೆಯಲು ಒಂದು ನೆಪ ಸಿಗುತ್ತದೆ.

ವಿರಾಮದಲ್ಲಿ ಕೇಳುವ ಪ್ರಶ್ನೆ ಬಹಳ ಮುಖ್ಯ. "ನಿಮಗೆ ಡಿಸೈನರ್ ಬೇಕೇನ್ರಿ?" ಎಂದರೆ ಉತ್ತರ "ಸದ್ಯ ಬ್ಯಾಡ್ರಿ", ಮಾತು ಅಲ್ಲಿಗೆ ಮುಗಿಯಿತು. "ನಿಮ್ಮ ಮಾಲು ಈಗ ಎಲ್ಲೆಲ್ಲಿ ಹೋಗ್ತೈತ್ರಿ? ಹೊರಗಿನ ಊರಿಗೆ ಕಳಿಸೋದ್ರಾಗ ಏನ್ ತ್ರಾಸ ಆಗಾಕತ್ತೈತಿ?" ಎಂದರೆ ಎದುರಿನವರು ಹತ್ತು ನಿಮಿಷ ಮಾತಾಡುತ್ತಾರೆ. ಸಂಸ್ಥಾಪಕರಿಗೆ ತಮ್ಮ ತೊಂದರೆಯನ್ನು ತಿಳಿದು ಕೇಳುವವರು ಸಿಗುವುದು ಅಪರೂಪ. ಒಳ್ಳೆಯ ಮಾತುಕತೆ ನಾಲ್ಕು ಆದರೆ ಸಾಕು, ಆಮೇಲೆ ಹೊರಟರೂ ನಡೆಯುತ್ತದೆ. ಮೆಟ್ಟಿಲಿಳಿಯುವ ಮೊದಲು ಪ್ರತಿಯೊಬ್ಬರ ನಂಬರಿನ ಮುಂದೆ ಫೋನಿನಲ್ಲೇ ಒಂದು ಗುರುತು ಬರೆದುಕೊಳ್ಳಬೇಕು: ಯಾವ ಸಭೆ, ಏನು ಮಾಡುತ್ತಾರೆ, ಯಾವ ತೊಂದರೆ ಹೇಳಿದರು. ಸಂಜೆ ಮಿರ್ಚಿ ಗಿರ್ಮಿಟ್ ತಿಂದು ಮನೆಗೆ ಹೋಗುವಷ್ಟರಲ್ಲಿ ಅರ್ಧ ಮರೆತಿರುತ್ತದೆ.

ಒಂದು ಆಕ್ಷೇಪಣೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬಹಳ ಸಭೆಗಳು ಸಂಜೆ ಆರೂವರೆ, ಏಳಕ್ಕೆ ಶುರುವಾಗುತ್ತವೆ. ಒಂಬತ್ತಕ್ಕೆ ಮುಗಿದ ಮೇಲೆ ನಿಜವಾದ ಹರಟೆ ಊಟದ ಮೇಜಿನಲ್ಲಿ. ಹೆಣ್ಣುಮಕ್ಕಳಲ್ಲಿ ಬಹುಪಾಲು ಮಂದಿ ಎಂಟಕ್ಕೇ ಹೊರಟಿರುತ್ತಾರೆ. ಮಹಿಳಾ ಉದ್ಯಮಿಗಳೇ ಬರುವುದಿಲ್ಲ ಎಂದು ಕೊರಗುವ ಸಂಘಟಕರು ಒಮ್ಮೆ ಸಭೆಯನ್ನು ಶನಿವಾರ ಬೆಳಗ್ಗೆ ಇಟ್ಟು ನೋಡಲಿ.

ಪರಿಚಯದವರ ಪರಿಚಯದವರು

ಆ ಶನಿವಾರ ನಮ್ಮ ವಿನ್ಯಾಸಕಿಗೆ ತಿನಿಸಿನ ಸಂಸ್ಥಾಪಕರು ಯಾರೂ ಸಿಗಲಿಲ್ಲ ಎಂದುಕೊಳ್ಳಿ. ಸಿಕ್ಕಿದ್ದು ಸಣ್ಣ ಉದ್ದಿಮೆಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಕೊಡುವ ಒಬ್ಬರು. ಅವರ ಗಿರಾಕಿಗಳಲ್ಲಿ ಒಬ್ಬರು ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಮಾಡಿ ಬೆಂಗಳೂರಿನ ಅಂಗಡಿಗಳಿಗೆ ಕಳಿಸಲು ನೋಡುತ್ತಿದ್ದಾರೆ.

ಇಂಥ ದೂರದ ಪರಿಚಯವೇ ಕೆಲಸ ತರುತ್ತದೆ ಎಂದು ಮಾರ್ಕ್ ಗ್ರನೊವೆಟರ್ ಎಂಬ ಸಮಾಜಶಾಸ್ತ್ರಜ್ಞ 1973ರಲ್ಲೇ ಬರೆದಿದ್ದರು. ಬೋಸ್ಟನ್ ಪಕ್ಕದ ನ್ಯೂಟನ್ ಎಂಬ ಊರಿನಲ್ಲಿ, ಪರಿಚಯದ ಮೂಲಕ ಹೊಸ ಕೆಲಸ ಸಿಕ್ಕವರನ್ನು ಅವರು ಕೇಳಿದರು: ನಿಮಗೆ ವಿಷಯ ತಿಳಿಸಿದವರನ್ನು ಆಗ ಎಷ್ಟು ಸಲ ನೋಡುತ್ತಿದ್ದಿರಿ? ಪದೇಪದೇ ನೋಡುತ್ತಿದ್ದೆವು ಎಂದವರು ನೂರಕ್ಕೆ ಸುಮಾರು 17 ಮಾತ್ರ. ಉಳಿದವರೆಲ್ಲ ಆಗೀಗ, ಅಥವಾ ವರ್ಷಕ್ಕೊಮ್ಮೆ ಕಾಣುವ ಜನರಿಂದ ಸುದ್ದಿ ಪಡೆದವರು. ಕಾರಣ ಸರಳ. ನಮ್ಮ ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಬೇರೆ ಬಳಗದಲ್ಲಿ ಓಡಾಡುವವರ ಬಳಿ ಬೇರೆ ಸುದ್ದಿ ಇರುತ್ತದೆ.

ಆದರೆ ದೂರದ ಪರಿಚಯಸ್ಥರು ನಮಗಾಗಿ ಕಷ್ಟಪಡುವುದಿಲ್ಲ. ಅವರ ಕೆಲಸ ಆದಷ್ಟು ಹಗುರ ಮಾಡಿಕೊಡಬೇಕು. "ಅವರ ನಂಬರ್ ಕೊಡ್ರಿ" ಎಂದು ಕೇಳುವುದು ಸಾಮಾನ್ಯ, ಅದೇ ತಪ್ಪು ಕೂಡ. ತಮ್ಮ ಗಿರಾಕಿಯ ನಂಬರನ್ನು ಒಪ್ಪಿಗೆಯಿಲ್ಲದೆ ಕೊಡುವುದು ಅವರಿಗೆ ಮುಜುಗರ. ಕೊಟ್ಟರೂ, ಆ ಕಡೆಯವರಿಗೆ ಅದು ಇನ್ನೊಂದು ಗುರುತಿಲ್ಲದ ಕರೆ. ಅದರ ಬದಲು, ಹಾಗೆಯೇ ಮುಂದೆ ಕಳಿಸಬಹುದಾದ ಮೆಸೇಜೊಂದನ್ನು ಬರೆದುಕೊಡಬೇಕು. ಸಭೆಯ ಮರುದಿನ, ತಡವಾದರೆ ಸೋಮವಾರ, ಆಕೆ ಎರಡು ಮೆಸೇಜ್ ಕಳಿಸುತ್ತಾಳೆ. ಮೊದಲನೆಯದು ಸಾಫ್ಟ್‌ವೇರಿನವರಿಗೆ:

"ಸರ್, ನಮಸ್ಕಾರ. ಶನಿವಾರದ ಸಭೆಯಲ್ಲಿ ಲೇಬಲ್ ಬಗ್ಗೆ ಮಾತಾಡಿದ್ದೆವು. ನಿಮ್ಮ ಗಿರಾಕಿಯೊಬ್ಬರು ಚಟ್ನಿಪುಡಿಯನ್ನು ಬೆಂಗಳೂರಿಗೆ ಕಳಿಸಲು ನೋಡುತ್ತಿದ್ದಾರೆ ಅಂದಿರಿ. ಅವರಿಗೆ ಉಪಯೋಗ ಆಗಬಹುದು ಅನ್ನಿಸಿದರೆ ಮಾತ್ರ ಕೆಳಗಿನದನ್ನು ಕಳಿಸಿ. ಅವರು ಹೂಂ ಅಂದ ಮೇಲೆ ನಂಬರ್ ಕೊಟ್ಟರೆ ಸಾಕು."

ಎರಡನೆಯದು ಅವರು ಒತ್ತಿ ಮುಂದೆ ಕಳಿಸುವುದಕ್ಕೆ:

"ನಾನು ಹುಬ್ಬಳ್ಳಿ ವಿದ್ಯಾನಗರದಲ್ಲಿದ್ದೇನೆ. ಆಹಾರ ಪದಾರ್ಥಗಳ ಪ್ಯಾಕೆಟ್‌ಗೆ ಲೇಬಲ್ ಮಾಡುವುದು ನನ್ನ ಕೆಲಸ. ರೊಟ್ಟಿಗೆ, ಉಪ್ಪಿನಕಾಯಿಗೆ ಮಾಡಿಕೊಟ್ಟ ಲೇಬಲ್ಲಿನ ಫೋಟೊ ಜೊತೆಗಿದೆ. ನಿಮ್ಮ ಈಗಿನ ಲೇಬಲ್ಲಿನ ಹಿಂದೆ ಮುಂದೆ ಎರಡೂ ಕಡೆ ಫೋಟೊ ಕಳಿಸಿದರೆ, ಅದರಲ್ಲಿ ಏನು ಬಿಟ್ಟುಹೋಗಿದೆ ಎಂದು ಎರಡು ದಿನದಲ್ಲಿ ಬರೆದು ತಿಳಿಸುತ್ತೇನೆ. ಅದಕ್ಕೆ ದುಡ್ಡು ಬೇಡ."

ಎರಡನೆಯ ಮೆಸೇಜಿನಲ್ಲಿ ಹೊಗಳಿಕೆ ಇಲ್ಲ, ಉದ್ದದ ಪರಿಚಯ ಇಲ್ಲ, ಮಾಡಿದ ಕೆಲಸದ ಫೋಟೊ ಇದೆ. ಎದುರಿನವರು ಮಾಡಬೇಕಾದದ್ದು ಒಂದೇ, ಎರಡು ಫೋಟೊ ತೆಗೆದು ಕಳಿಸುವುದು. ಉಚಿತವಾಗಿ ಕೊಡುವುದಕ್ಕೂ ಒಂದು ಮಿತಿ ಇದೆ: ತಪ್ಪು ತೋರಿಸುವುದು ಉಚಿತ, ತಿದ್ದುವುದಕ್ಕೆ ದುಡ್ಡು. ಮೊದಲ ಲೇಬಲ್ಲನ್ನೇ ಉಚಿತವಾಗಿ ಮಾಡಿಕೊಡುವೆ ಎಂದಿದ್ದರೆ ಎರಡನೆಯದಕ್ಕೂ ಅದೇ ದರ ಕೇಳುತ್ತಾರೆ.

ಚಟ್ನಿಪುಡಿಯವರು ಫೋಟೊ ಕಳಿಸುತ್ತಾರೆ. ಆಕೆ ನೋಡುತ್ತಾಳೆ. ಹಸಿರು ಚೌಕದೊಳಗಿನ ಹಸಿರು ಚುಕ್ಕೆ ಇದೆ, ನಿವ್ವಳ ತೂಕ ಇದೆ, ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆಯೂ ಇದೆ. ಆದರೆ 100 ಗ್ರಾಂಗೆ ಎಷ್ಟು ಶಕ್ತಿ, ಎಷ್ಟು ಪ್ರೋಟೀನ್ ಎಂಬ ಪೋಷಕಾಂಶದ ಪಟ್ಟಿ ಇಲ್ಲ. ಶೇಂಗಾ ಅಲರ್ಜಿ ತರುವ ಪದಾರ್ಥವೆಂದು ಪ್ರತ್ಯೇಕ ಸಾಲಿನಲ್ಲಿ ಹೇಳಬೇಕು, ಅದೂ ಇಲ್ಲ. ಶೇಂಗಾ ಚಟ್ನಿಯಲ್ಲಿ ಶೇಂಗಾ ಇದೆ ಎಂದು ಬೇರೆ ಹೇಳಬೇಕೇ ಎಂದು ಉತ್ಪಾದಕರು ನಗುತ್ತಾರೆ, ನಿಯಮ ನಗುವುದಿಲ್ಲ. ಈ ಎರಡು ಸಾಲಿನ ಟಿಪ್ಪಣಿಯನ್ನು ಆಕೆ ಹೇಳಿದ ಎರಡು ದಿನದೊಳಗೆ ಕಳಿಸುತ್ತಾಳೆ. ಎರಡು ದಿನ ಎಂದು ಹೇಳಿ ಎರಡೇ ದಿನದಲ್ಲಿ ಕಳಿಸುವುದು ಇಡೀ ವ್ಯವಹಾರದಲ್ಲಿ ಅತಿ ದೊಡ್ಡ ಜಾಹೀರಾತು, ಏಕೆಂದರೆ ಇಂಥ ಸಭೆಗಳಲ್ಲಿ "ಕಳಿಸ್ತೀನ್ರಿ" ಎಂದವರಲ್ಲಿ ನಿಜವಾಗಿ ಕಳಿಸುವವರು ತೀರಾ ಕಡಿಮೆ.

ಮುಂದೆ ಮಾತು ದುಡ್ಡಿಗೆ ಬರುತ್ತದೆ. ಎರಡು ಲೇಬಲ್ಲಿಗೆ 9,000 ರೂಪಾಯಿ ಎಂದಿಟ್ಟುಕೊಳ್ಳಿ. ಅರ್ಧ, 4,500, ಮುಂಗಡ. ತಿದ್ದುಪಡಿ ಎರಡು ಸಲ, ಮೂರನೆಯದಕ್ಕೆ ಬೇರೆ ದರ. ಪ್ರೆಸ್ಸಿಗೆ ಫೈಲ್ ಕೊಡುವುದು ಬಾಕಿ ಸಂದಾಯವಾದ ಮೇಲೆ. ಇದಿಷ್ಟನ್ನು ವಾಟ್ಸ್‌ಆ್ಯಪ್‌ನಲ್ಲೇ ಬರೆದು "ಒಪ್ಪಿಗೆ" ಎಂಬ ಉತ್ತರ ಪಡೆಯಬೇಕು. ಪರಿಚಯದವರ ಮೂಲಕ ಬಂದವರ ಬಳಿ ಮುಂಗಡ ಕೇಳಲು ಸಂಕೋಚವಾಗುತ್ತದೆ, ಅದೇ ಸಂಕೋಚದಿಂದ ಆಮೇಲೆ ಬಾಕಿ ಕೇಳಲೂ ಆಗುವುದಿಲ್ಲ. ಕೆಲಸ ಮುಗಿದ ದಿನ ಸಾಫ್ಟ್‌ವೇರಿನವರಿಗೆ ಒಂದು ಸಾಲು: "ಸರ್, ಚಟ್ನಿಪುಡಿಯವರ ಲೇಬಲ್ ಪ್ರೆಸ್ಸಿಗೆ ಹೋಯಿತು, ನಿಮ್ಮಿಂದ ಆಯಿತು." ಪರಿಚಯ ಮಾಡಿಸಿದವರಿಗೆ ಆಮೇಲೇನಾಯಿತು ಎಂದು ತಿಳಿಸುವವರು ಕಡಿಮೆ. ತಿಳಿಸಿದವರಿಗೆ ಇನ್ನೊಂದು ಪರಿಚಯ ಸಿಗುತ್ತದೆ.

ಸಣ್ಣ ಊರಿನ ಗುಣವೂ ಕಷ್ಟವೂ ಇಲ್ಲೇ ಇದೆ. ಬೆಂಗಳೂರಿನಲ್ಲಿ ಒಂದು ಸಭೆಯಲ್ಲಿ ಕೆಟ್ಟ ಹೆಸರು ಬಂದರೆ ಮುಂದಿನ ವಾರ ಬೇರೆ ಬಡಾವಣೆಯ ಬೇರೆ ಸಭೆಗೆ ಹೋಗಬಹುದು. ಹುಬ್ಬಳ್ಳಿಯಲ್ಲಿ ಅದೇ ಜನ ಎಲ್ಲ ಸಭೆಗೂ ಬರುತ್ತಾರೆ. ಮುಂಗಡ ತೆಗೆದುಕೊಂಡು ಫೋನ್ ಎತ್ತದವರ ಸುದ್ದಿ ಒಂದು ತಿಂಗಳಲ್ಲಿ ಗೋಕುಲ ರಸ್ತೆಯಿಂದ ಧಾರವಾಡಕ್ಕೆ ಹೋಗಿರುತ್ತದೆ. ಕೆಲಸ ಮಾಡಿಸಿಕೊಂಡು ದುಡ್ಡು ಕೊಡದ ಸಂಸ್ಥಾಪಕರ ಸುದ್ದಿಯೂ ಅಷ್ಟೇ, ಆದರೆ ಅದು ಹೊಸಬರ ಕಿವಿಗೆ ಬೀಳುವುದಿಲ್ಲ. ಅದಕ್ಕೇ ಹೊಸಬರು ತಾವೇ ವಿಚಾರಿಸಿಕೊಳ್ಳಬೇಕು.

ವಿಚಾರಿಸುವ ದಾರಿ ಕಷ್ಟದ್ದಲ್ಲ. ಕಂಪನಿಯ ಬಿಲ್ಲಿನ ಮೇಲಿರುವ ಜಿಎಸ್‌ಟಿ ಸಂಖ್ಯೆಯನ್ನು ಜಿಎಸ್‌ಟಿ ಜಾಲತಾಣದ ಹುಡುಕುವ ಪೆಟ್ಟಿಗೆಯಲ್ಲಿ ಹಾಕಿದರೆ ನೋಂದಣಿ ಜಾರಿಯಲ್ಲಿದೆಯೋ ರದ್ದಾಗಿದೆಯೋ, ಯಾವ ತಿಂಗಳವರೆಗೆ ರಿಟರ್ನ್ ಸಲ್ಲಿಸಿದ್ದಾರೆ ಎಂಬುದು ಕಾಣುತ್ತದೆ. ಆರು ತಿಂಗಳಿಂದ ರಿಟರ್ನ್ ಸಲ್ಲಿಸದವರು ನಿಮಗೆ ಮೂವತ್ತು ದಿನದಲ್ಲಿ ದುಡ್ಡು ಕೊಡುತ್ತಾರೆ ಎಂದು ನಂಬುವುದು ಕಷ್ಟ. ತೀರಾ ಸಣ್ಣವರಿಗೆ ಜಿಎಸ್‌ಟಿ ಇಲ್ಲದಿರಬಹುದು, ಅದು ತಪ್ಪೇನಲ್ಲ. ಆಗ ಅವರಿಗೆ ಮೊದಲು ಕೆಲಸ ಮಾಡಿಕೊಟ್ಟವರೊಬ್ಬರನ್ನು ಕೇಳಿದರಾಯಿತು.

ಇನ್ನೊಂದು ಮಾತು ಪ್ರತಿ ಸಭೆಯಲ್ಲೂ ಕೇಳಿಬರುತ್ತದೆ: "ಈಗ ದುಡ್ಡು ಕೊಡಾಕ ಆಗಂಗಿಲ್ಲ, ಕಂಪನ್ಯಾಗ ಪಾಲು ಕೊಡ್ತೀನಿ." ಹೀಗೆ ಹೇಳುವವರೆಲ್ಲ ಮೋಸಗಾರರಲ್ಲ, ಹಲವರು ನಂಬಿಯೇ ಹೇಳುತ್ತಾರೆ. ಕೇಳಬೇಕಾದ ಪ್ರಶ್ನೆ ಒಂದಿದೆ: ಕಂಪನಿ ಪ್ರೈವೇಟ್ ಲಿಮಿಟೆಡ್ ಎಂದು ನೋಂದಣಿಯಾಗಿದೆಯೇ? ಆಗಿಲ್ಲದಿದ್ದರೆ ಕೊಡಲು ಷೇರೇ ಇಲ್ಲ. ಆಗಿದ್ದರೆ, ಎಷ್ಟು ಷೇರು, ಯಾವಾಗ, ಯಾವ ಪತ್ರದಲ್ಲಿ ಎಂದು ಬರೆದುಕೊಡಲಿ. ಸಾಮಾನ್ಯವಾಗಿ ಈ ಹಂತದಲ್ಲಿ "ನೋಡೋಣ್ರಿ" ಎಂಬ ಉತ್ತರ ಬರುತ್ತದೆ. ನಮ್ಮ ಕಡೆ ಅದರ ಅರ್ಥ ಏನೆಂದು ಬಿಡಿಸಿ ಹೇಳಬೇಕಿಲ್ಲ. ಹೂಡಿಕೆದಾರರ ಮುಂದೆ ನಿಲ್ಲಿಸುತ್ತೇವೆ ಎಂದು ಸಂಸ್ಥಾಪಕರಿಂದಲೇ ದೊಡ್ಡ ಶುಲ್ಕ ವಸೂಲಿ ಮಾಡುವ ಕಾರ್ಯಕ್ರಮಗಳೂ ಇವೆ. ಕೈಯಲ್ಲಿ ನಿಜವಾಗಿ ಹೂಡುವ ಹಣ ಇದ್ದವರು ಹೂಡಿಕೆ ಕೇಳಲು ಬಂದವರ ಬಳಿ ಟಿಕೆಟ್ ಮಾರಿ ಬದುಕುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಕೋವರ್ಕಿಂಗ್ ಜಾಗಕ್ಕೂ ಸಭೆಗೂ ಬರುವುದು ಊರಿನ ವ್ಯಾಪಾರದ ಒಂದು ಚೂರು ಮಾತ್ರ. ಅಮರಗೋಳದ ಎಪಿಎಂಸಿ ವರ್ತಕರು, ತಾರಿಹಾಳ ಕೈಗಾರಿಕಾ ಪ್ರದೇಶದ ಘಟಕಗಳವರು, ರೊಟ್ಟಿ ಕೇಂದ್ರ ನಡೆಸುವ ತಾಯಂದಿರು ತಮ್ಮನ್ನು ಸಂಸ್ಥಾಪಕರು ಎಂದು ಕರೆದುಕೊಳ್ಳುವುದಿಲ್ಲ, ಶನಿವಾರದ ಪೋಸ್ಟರ್ ಅವರ ವಾಟ್ಸ್‌ಆ್ಯಪ್ ಗ್ರೂಪಿಗೆ ಬರುವುದೂ ಇಲ್ಲ. ದುಡ್ಡು ಕೊಟ್ಟು ಕೆಲಸ ಮಾಡಿಸುವವರು ಹೆಚ್ಚಾಗಿ ಅವರೇ. ಅವರ ಜಗತ್ತಿಗೂ ಕೋವರ್ಕಿಂಗ್ ಜಗತ್ತಿಗೂ ಕಾಲಿಟ್ಟಿರುವವರು ಇಬ್ಬರು. ಒಬ್ಬರು ಪ್ರಿಂಟಿಂಗ್ ಪ್ರೆಸ್ಸಿನವರು, ಹೊಸ ವ್ಯಾಪಾರದ ಮೊದಲ ಬಿಲ್ ಪುಸ್ತಕ, ಮೊದಲ ಬೋರ್ಡು ಅವರ ಕೈಯಿಂದಲೇ ಹೋಗುತ್ತದೆ. ಇನ್ನೊಬ್ಬರು ಆಡಿಟರ್. ಊರಿನಲ್ಲಿ ಯಾರು ಹೊಸದಾಗಿ ಏನು ಶುರುಮಾಡಿದರು, ಯಾರು ಶಾಖೆ ತೆರೆಯುತ್ತಿದ್ದಾರೆ ಎಂಬುದು ಮೊದಲು ತಿಳಿಯುವುದು ಅವರಿಗೆ. ಹುಬ್ಬಳ್ಳಿಯ ಕೋವರ್ಕಿಂಗ್ ಜಾಗದಲ್ಲಿ ಎಳೆಯ ಚಾರ್ಟರ್ಡ್ ಅಕೌಂಟೆಂಟ್ ಒಬ್ಬರು ಕೂತಿದ್ದರೆ, ಪರಿಚಯ ಮಾಡಿಕೊಳ್ಳಬೇಕಾದ ಮೊದಲಿಗರ ಸಾಲಿನಲ್ಲಿ ಅವರೂ ಇರಲಿ. ಮಾತಾಡಿಸುವ ದಿನವನ್ನು ಮಾತ್ರ ನೋಡಿಕೊಳ್ಳಿ. ತಿಂಗಳ 11ಕ್ಕೆ ಒಂದು ಜಿಎಸ್‌ಟಿ ರಿಟರ್ನ್, 20ಕ್ಕೆ ಇನ್ನೊಂದು. 21ರಂದು ಮಧ್ಯಾಹ್ನ ಚಾ ಮೇಜಿನ ಹತ್ತಿರ ಸಿಕ್ಕರೆ ಅವರೂ ನಿರಾಳವಾಗಿ ಮಾತಾಡುತ್ತಾರೆ.